ಅರ್ಧ ಕಳೆದರೆ ದುಪ್ಪಟ್ಟಾಗಬೇಕು: ಕುಸಿತ ಮತ್ತು ಚೇತರಿಕೆಯ ಲೆಕ್ಕ

ಮೈಸೂರಿನ ಉದಯಗಿರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ



ಮನೆಮಂದಿಗೆ ಉಪಯೋಗವಾಗುವ ಒಂದು ವಿಷಯವನ್ನು ಲೆಕ್ಕ ಸಮೇತ ಬಿಡಿಸಿ ಹೇಳಬೇಕು ಎಂಬುದು ಈ ದತ್ತಿಯ ಆಶಯ. ಬೀಡಿ ಕಟ್ಟಿ, ಅಗರಬತ್ತಿ ಹೊಸೆದು, ಅಂಗಡಿ ನಡೆಸಿ, ನೌಕರಿ ಮಾಡಿ ಕೂಡಿಟ್ಟ ಹಣ ಈ ಬಡಾವಣೆಯಲ್ಲಿದೆ. ಒಂದು ಕಾಲದಲ್ಲಿ ಆ ಹಣ ಚೀಟಿಗೆ, ಅಂಚೆ ಕಚೇರಿಗೆ, ಚಿನ್ನಕ್ಕೆ ಹೋಗುತ್ತಿತ್ತು. ಈಗ ಮಕ್ಕಳ ಮೊಬೈಲ್ ಮೂಲಕ ಮ್ಯೂಚುವಲ್ ಫಂಡಿಗೂ ಷೇರಿಗೂ ಹೋಗುತ್ತಿದೆ. ಅಲ್ಲಿ ಬೆಲೆ ಏರುವುದೂ ಉಂಟು, ಇಳಿಯುವುದೂ ಉಂಟು ಎಂಬುದು ಎಲ್ಲರಿಗೂ ಗೊತ್ತು. ಇಳಿದದ್ದು ಮತ್ತೆ ಮೊದಲಿನ ಮಟ್ಟಕ್ಕೆ ಬರಲು ಎಷ್ಟು ಏರಬೇಕು ಎಂಬ ಲೆಕ್ಕ ಮಾತ್ರ ಬಹಳ ಜನರಿಗೆ ತಿಳಿದಿಲ್ಲ. ಇವತ್ತು ನಾನು ಮಾತನಾಡುವುದು ಆ ಒಂದು ಲೆಕ್ಕದ ಬಗ್ಗೆ.

ಎರಡು ವರ್ಷದ ಒಂದು ಲೆಕ್ಕ

ನಡೆದ ಸಂಗತಿಯಿಂದಲೇ ಶುರು ಮಾಡುತ್ತೇನೆ. ಮುಂಬಯಿ ಷೇರುಪೇಟೆಯ ಸೂಚ್ಯಂಕವಾದ ಸೆನ್ಸೆಕ್ಸ್ 2007ರ ಕೊನೆಯ ದಿನ 20,286.99ರಲ್ಲಿತ್ತು. ಮರುವರ್ಷ ಅಮೆರಿಕದ ಗೃಹಸಾಲದ ಬಿಕ್ಕಟ್ಟು ಜಗತ್ತಿನ ಪೇಟೆಗಳನ್ನೆಲ್ಲ ಕೆಡವಿತು. 2008ರ ಕೊನೆಯ ದಿನ ಸೆನ್ಸೆಕ್ಸ್ 9,647.31ಕ್ಕೆ ಬಂದು ನಿಂತಿತ್ತು. ಅಂದರೆ ಒಂದೇ ವರ್ಷದಲ್ಲಿ ಶೇ. 52.4ರಷ್ಟು ಇಳಿಕೆ. 2009ರಲ್ಲಿ ಪೇಟೆ ಚೇತರಿಸಿಕೊಂಡು ವರ್ಷದ ಕೊನೆಗೆ 17,464.81ಕ್ಕೆ ಏರಿತು. ಆ ವರ್ಷದ ಏರಿಕೆ ಶೇ. 81.

ಈಗ ಈ ಎರಡು ಸಂಖ್ಯೆಗಳನ್ನು ಮಾತ್ರ ಮುಂದಿಟ್ಟುಕೊಳ್ಳಿ: ಇಳಿಕೆ 52.4, ಏರಿಕೆ 81. ಏರಿಕೆಯೇ ದೊಡ್ಡದಾಗಿ ಕಾಣುತ್ತದೆ. 81ರಲ್ಲಿ 52.4 ಕಳೆದರೆ 28.6 ಉಳಿಯುತ್ತದೆ. ಅದನ್ನು ಎರಡು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸರಾಸರಿ ಶೇ. 14.3 ಲಾಭ. ಬ್ಯಾಂಕಿನ ಬಡ್ಡಿಗಿಂತ ಎಷ್ಟೋ ಮೇಲು ಅನ್ನಿಸುತ್ತದೆ.

ಇದನ್ನೇ ರೂಪಾಯಿಯಲ್ಲಿ ನೋಡೋಣ. 2007ರ ಕೊನೆಯಲ್ಲಿ ಸೆನ್ಸೆಕ್ಸಿನಲ್ಲಿ ಒಂದು ಲಕ್ಷ ರೂಪಾಯಿ ಇದ್ದಿದ್ದರೆ 2008ರ ಕೊನೆಗೆ ಅದು ಸುಮಾರು 47,550 ರೂಪಾಯಿ ಆಗಿರುತ್ತಿತ್ತು. ಮರುವರ್ಷದ ಶೇ. 81ರ ಏರಿಕೆ ಬರುವುದು ಈ 47,550ರ ಮೇಲೆ. ಹಾಗೆ ಬಂದದ್ದು ಸುಮಾರು 38,500. ಎರಡನ್ನೂ ಕೂಡಿದರೆ 86,000ಕ್ಕೆ ಸ್ವಲ್ಪ ಮೇಲೆ. ಕಾಗದದ ಮೇಲಿನ ಸರಾಸರಿ ವರ್ಷಕ್ಕೆ ಶೇ. 14.3 ಲಾಭ ಎನ್ನುತ್ತದೆ, ಕೈಯಲ್ಲಿ ನೋಡಿದರೆ ಸುಮಾರು ಶೇ. 14 ನಷ್ಟ. ಎರಡೂ ಲೆಕ್ಕ ಒಂದೇ ಅಂಕಿಗಳಿಂದ ಹುಟ್ಟಿದವು. ಹಾಗಾದರೆ ತಪ್ಪು ಎಲ್ಲಿದೆ?

ಎರಡು ಶೇಕಡಾವಾರುಗಳನ್ನು ಕೂಡಿ ಕಳೆದದ್ದರಲ್ಲಿ ತಪ್ಪಿದೆ. ಇಳಿಕೆಯ ಶೇಕಡಾವನ್ನು ದೊಡ್ಡ ಮೊತ್ತದ ಮೇಲೆ ಅಳೆಯುತ್ತೇವೆ, ಏರಿಕೆಯ ಶೇಕಡಾವನ್ನು ಇಳಿದು ಉಳಿದ ಸಣ್ಣ ಮೊತ್ತದ ಮೇಲೆ. 52.4 ಒಂದು ಲಕ್ಷದ ಶೇಕಡಾ, 81 ನಲವತ್ತೇಳೂವರೆ ಸಾವಿರದ ಶೇಕಡಾ. ಮೂಲ ಮೊತ್ತ ಬೇರೆಯಾದ ಶೇಕಡಾಗಳನ್ನು ಕೂಡುವಂತಿಲ್ಲ, ಒಂದರಿಂದ ಒಂದನ್ನು ಕಳೆಯುವಂತಿಲ್ಲ. ಗುಣಿಸಬೇಕು. 0.4755 ಅನ್ನು 1.81ರಿಂದ ಗುಣಿಸಿದರೆ 0.86 ಬರುತ್ತದೆ. ಒಂದು ರೂಪಾಯಿಗೆ ಎಂಬತ್ತಾರು ಪೈಸೆ. ನಿಜವಾದ ಲೆಕ್ಕ ಇದು.

ಉಳಿದ ಹಣವೇ ದುಡಿಯಬೇಕು

ಈಗ ಉಪನ್ಯಾಸದ ತಲೆಬರಹಕ್ಕೆ ಬರೋಣ. ನೂರು ರೂಪಾಯಿ ಐವತ್ತಾಯಿತು ಎನ್ನಿ. ಕಳೆದದ್ದು ಐವತ್ತು, ಶೇ. 50. ಮತ್ತೆ ನೂರಾಗಬೇಕಾದರೆ ಬೇಕಾದದ್ದೂ ಅದೇ ಐವತ್ತು ರೂಪಾಯಿ. ಆದರೆ ಈಗ ಅದನ್ನು ದುಡಿಯಲು ಉಳಿದಿರುವ ಬಂಡವಾಳ ಐವತ್ತು ಮಾತ್ರ. ಐವತ್ತು ರೂಪಾಯಿ ಐವತ್ತನ್ನು ದುಡಿಯಬೇಕು ಎಂದರೆ ತನ್ನಷ್ಟನ್ನೇ ದುಡಿಯಬೇಕು, ಶೇ. 100. ಹೋದ ಹಣ ವಾಪಸು ಬರುವುದಕ್ಕೆ ತಾನು ಏನೂ ಮಾಡಲಾರದು. ಅದು ಪೇಟೆಯಲ್ಲಿ ಇಲ್ಲವೇ ಇಲ್ಲ. ಉಳಿದ ಹಣವೇ ತನ್ನ ಪಾಲನ್ನೂ ಹೋದದ್ದರ ಪಾಲನ್ನೂ ದುಡಿಯಬೇಕು. ಹೋದದ್ದು ಹೆಚ್ಚಿದಷ್ಟೂ ಉಳಿದದ್ದರ ಮೇಲಿನ ಹೊರೆ ಹೆಚ್ಚುತ್ತದೆ.

ಇದಕ್ಕೊಂದು ಸೂತ್ರವಿದೆ. ಹೈಸ್ಕೂಲಿನ ಗಣಿತ ಸಾಕು:

ಬೇಕಾದ ಏರಿಕೆ = ಕುಸಿತ ÷ (1 − ಕುಸಿತ)

ಕುಸಿತವನ್ನು ದಶಮಾಂಶದಲ್ಲಿ ಬರೆಯಬೇಕು. ಶೇ. 50 ಎಂದರೆ 0.5. ಒಂದರಲ್ಲಿ 0.5 ಕಳೆದರೆ 0.5. 0.5 ಅನ್ನು 0.5ರಿಂದ ಭಾಗಿಸಿದರೆ 1, ಅಂದರೆ ಶೇ. 100. ಕೆಲವು ಮಟ್ಟಗಳಿಗೆ ಹೀಗೆ ಬರುತ್ತದೆ:

ಕುಸಿತ ಶೇ. 10 – ಬೇಕಾದ ಏರಿಕೆ ಶೇ. 11.1
ಕುಸಿತ ಶೇ. 20 – ಬೇಕಾದ ಏರಿಕೆ ಶೇ. 25
ಕುಸಿತ ಶೇ. 30 – ಬೇಕಾದ ಏರಿಕೆ ಶೇ. 42.9
ಕುಸಿತ ಶೇ. 50 – ಬೇಕಾದ ಏರಿಕೆ ಶೇ. 100
ಕುಸಿತ ಶೇ. 75 – ಬೇಕಾದ ಏರಿಕೆ ಶೇ. 300
ಕುಸಿತ ಶೇ. 90 – ಬೇಕಾದ ಏರಿಕೆ ಶೇ. 900

ಮೊದಲ ಸಾಲಿನಲ್ಲಿ ಎರಡು ಅಂಕಿಗಳೂ ಹೆಚ್ಚುಕಡಿಮೆ ಒಂದೇ. ಸಣ್ಣ ಇಳಿಕೆಗಳನ್ನು ಕಂಡವರು ಎಷ್ಟು ಇಳಿಯಿತೋ ಅಷ್ಟು ಏರಿದರೆ ಸರಿಹೋಗುತ್ತದೆ ಎಂದುಕೊಳ್ಳುವುದು ಇದರಿಂದಲೇ. ಆ ಮಟ್ಟದಲ್ಲಿ ಅದು ಬಹುಪಾಲು ನಿಜ. ಶೇ. 20 ದಾಟಿದ ಮೇಲೆ ಎರಡರ ನಡುವಿನ ಅಂತರ ಅಗಲವಾಗುತ್ತದೆ, ಶೇ. 50 ದಾಟಿದ ಮೇಲೆ ಕೈಮೀರುತ್ತದೆ. ಶೇ. 75ರಲ್ಲಿರುವವರು ಇನ್ನೂ 15 ಅಂಶ ಇಳಿದು 90ಕ್ಕೆ ಬಂದರೆ ಬೇಕಾದ ಏರಿಕೆ 300ರಿಂದ 900ಕ್ಕೆ ಹೋಗುತ್ತದೆ. ಇಳಿಕೆಯ ಕೊನೆಯ ಮೆಟ್ಟಿಲುಗಳೇ ಎಲ್ಲಕ್ಕಿಂತ ದುಬಾರಿ.

ಏರಿಕೆಯನ್ನು ಕಾಲಕ್ಕೆ ತಿರುಗಿಸಿ ನೋಡಿದರೆ ಇದರ ಭಾರ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಕುಸಿತದ ನಂತರ ಹಣ ವರ್ಷಕ್ಕೆ ತಪ್ಪದೆ ಶೇ. 12ರಂತೆ ಚಕ್ರಬಡ್ಡಿಯಲ್ಲಿ ಬೆಳೆಯುತ್ತದೆ ಎಂದು ಇಟ್ಟುಕೊಳ್ಳೋಣ. ಶೇ. 20 ಕಳೆದವರು ಎರಡು ವರ್ಷದಲ್ಲಿ ಮೊದಲಿನ ಮಟ್ಟ ಮುಟ್ಟುತ್ತಾರೆ. ಶೇ. 50 ಕಳೆದವರಿಗೆ ಸುಮಾರು ಆರು ವರ್ಷ ಬೇಕು. ಶೇ. 75 ಕಳೆದವರಿಗೆ ಸುಮಾರು ಹನ್ನೆರಡು ವರ್ಷ, ಶೇ. 90 ಕಳೆದವರಿಗೆ ಸುಮಾರು ಇಪ್ಪತ್ತು ವರ್ಷ. ನಲವತ್ತರ ವಯಸ್ಸಿನಲ್ಲಿ ಆರು ವರ್ಷ ಕಾಯಬಹುದು. ಅರವತ್ತೆಂಟರಲ್ಲಿ ಅದೇ ಆರು ವರ್ಷ ಬೇರೆಯೇ ವಿಷಯ.

ಗರಿಷ್ಠ ಕುಸಿತವನ್ನು ಅಳೆಯುವ ಬಗೆ

ಹಣಕಾಸಿನ ಕ್ಷೇತ್ರದವರು ಮ್ಯಾಕ್ಸಿಮಂ ಡ್ರಾಡೌನ್ ಎಂದು ಕರೆಯುವುದನ್ನು ನಾನು ಗರಿಷ್ಠ ಕುಸಿತ ಎನ್ನುತ್ತೇನೆ. ಒಂದು ಹೂಡಿಕೆ ತಾನು ಅಲ್ಲಿಯವರೆಗೆ ಮುಟ್ಟಿದ ಅತಿ ಎತ್ತರದ ಬೆಲೆಯಿಂದ ಅತಿ ಹೆಚ್ಚು ಎಷ್ಟು ಕೆಳಗೆ ಇಳಿದಿತ್ತು ಎಂಬುದೇ ಅದು. ಅಲ್ಲಿಯವರೆಗೆ ಎಂಬ ಮಾತನ್ನು ಗಮನದಲ್ಲಿಡಿ. ಲೆಕ್ಕ ತಪ್ಪುವುದು ಅಲ್ಲಿಯೇ.

ಒಂದು ಫಂಡಿನ ಬೆಲೆ ಕ್ರಮವಾಗಿ 100, 120, 90, 110, 130, 78, 104, 140 ಆಯಿತು ಎಂದುಕೊಳ್ಳಿ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಬೆಲೆ. ಎರಡನೆಯದರಲ್ಲಿ ಆ ದಿನದವರೆಗಿನ ಅತಿ ಎತ್ತರ: 100, 120, 120, 120, 130, 130, 130, 140. ಈ ಕಾಲಂ ಏರಬಹುದು, ಇದ್ದಲ್ಲೇ ಇರಬಹುದು, ಇಳಿಯುವುದು ಮಾತ್ರ ಸಾಧ್ಯವಿಲ್ಲ. ಮೂರನೆಯ ಕಾಲಂನಲ್ಲಿ ಬೆಲೆಯು ಆ ಎತ್ತರಕ್ಕಿಂತ ಶೇಕಡಾ ಎಷ್ಟು ಕೆಳಗಿದೆ ಎಂದು ಬರೆಯಿರಿ: 0, 0, 25, 8.3, 0, 40, 20, 0. ಈ ಮೂರನೆಯ ಕಾಲಂನ ಅತಿ ದೊಡ್ಡ ಸಂಖ್ಯೆಯೇ ಗರಿಷ್ಠ ಕುಸಿತ. ಇಲ್ಲಿ ಶೇ. 40.

ಈ ಲೆಕ್ಕವನ್ನು ಎರಡು ರೀತಿ ತಪ್ಪು ಮಾಡಬಹುದು. ಇಡೀ ಅವಧಿಯ ಅತಿ ಎತ್ತರ 140, ಅತಿ ಕೆಳಗಿನದು 78, ಹಾಗಾಗಿ ಕುಸಿತ ಶೇ. 44 ಎನ್ನುವುದು ಮೊದಲನೆಯ ತಪ್ಪು. 140 ಬಂದದ್ದು 78ರ ನಂತರ. ಮುಂದೆ ಬರಲಿರುವ ಎತ್ತರದಿಂದ ಯಾರೂ ಹಿಂದಕ್ಕೆ ಬೀಳುವುದಿಲ್ಲ. ಶುರುವಿನ ನೂರಕ್ಕೆ ಹೋಲಿಸಿ ಕುಸಿತ ಶೇ. 22 ಮಾತ್ರ ಎನ್ನುವುದು ಎರಡನೆಯ ತಪ್ಪು. 130ರಲ್ಲಿ ಹಣ ಹಾಕಿದವರ ಪಾಲಿಗೆ ಆದದ್ದು ಶೇ. 40ರ ಕುಸಿತ. ಬೇಗ ಬಂದವರ ಲಾಭದಿಂದ ಅದನ್ನು ಮುಚ್ಚುವಂತಿಲ್ಲ.

ಮನೆಯವರು ಇನ್ನೂ ಒಂದು ಕಡೆ ಎಡವುತ್ತಾರೆ. ಖಾತೆಯಲ್ಲಿರುವ ಒಟ್ಟು ಮೊತ್ತವನ್ನು ನೋಡಿ ಕುಸಿತ ಲೆಕ್ಕ ಹಾಕುವುದು. ಹತ್ತು ಲಕ್ಷ ಆರು ಲಕ್ಷವಾಯಿತು, ಈ ಮಧ್ಯೆ ಮೂರು ಲಕ್ಷ ಹೊಸದಾಗಿ ಹಾಕಿದಿರಿ, ಮೊಬೈಲ್ ಒಂಬತ್ತು ಲಕ್ಷ ತೋರಿಸುತ್ತದೆ. ಹೋದದ್ದು ಶೇ. 10 ಮಾತ್ರ ಎಂದು ಸಮಾಧಾನವಾಗುತ್ತದೆ. ಹಳೆಯ ಹಣಕ್ಕೆ ಬಿದ್ದ ಪೆಟ್ಟು ಶೇ. 40ರದ್ದೇ. ಅದಕ್ಕೇ ಕುಸಿತವನ್ನು ಫಂಡಿನ ಒಂದು ಯೂನಿಟ್ಟಿನ ಬೆಲೆಯಿಂದ ಅಳೆಯಬೇಕು. ಅದನ್ನು ಎನ್‌ಎವಿ ಎನ್ನುತ್ತಾರೆ. ನೀವು ಹಾಕಿದ್ದು ತೆಗೆದದ್ದು ಅದಕ್ಕೆ ತಾಕುವುದಿಲ್ಲ.

ಯಾವ ದಿನಗಳ ಬೆಲೆ ತೆಗೆದುಕೊಳ್ಳುತ್ತೇವೆ ಎಂಬುದರ ಮೇಲೂ ಉತ್ತರ ಬದಲಾಗುತ್ತದೆ. 2008ರ ಕುಸಿತವನ್ನೇ ನೋಡಿ. ತಿಂಗಳ ಕೊನೆಯ ಬೆಲೆಗಳನ್ನು ಮಾತ್ರ ಇಟ್ಟುಕೊಂಡರೆ ಸೆನ್ಸೆಕ್ಸ್ 2007ರ ಡಿಸೆಂಬರ್ ಕೊನೆಯ 20,286.99ರಿಂದ 2009ರ ಫೆಬ್ರವರಿ ಕೊನೆಯ 8,891.61ಕ್ಕೆ ಇಳಿಯಿತು. ಕುಸಿತ ಶೇ. 56. ಪ್ರತಿ ದಿನದ ಮುಕ್ತಾಯದ ಬೆಲೆ ಹಿಡಿದರೆ 2008ರ ಜನವರಿ 8ರ 20,873.33ರಿಂದ 2009ರ ಮಾರ್ಚ್ 9ರ 8,160.40ಕ್ಕೆ ಇಳಿದದ್ದು ಶೇ. 61. ದಿನದ ನಡುವಿನ ಏರಿಳಿತವನ್ನೂ ಸೇರಿಸಿದರೆ 2008ರ ಜನವರಿ 10ರ 21,206.77ರಿಂದ ಅಕ್ಟೋಬರ್ 27ರ 7,697.39ಕ್ಕೆ ಶೇ. 64.

56, 61, 64. ಹತ್ತಿರ ಹತ್ತಿರದ ಸಂಖ್ಯೆಗಳಂತೆ ಕಾಣುತ್ತವೆ. ದುಂಡಾಗಿಸದ ಅಂಕಿಗಳನ್ನೇ ಸೂತ್ರಕ್ಕೆ ಹಾಕಿದರೆ ಬೇಕಾದ ಏರಿಕೆ ಕ್ರಮವಾಗಿ ಶೇ. 128, 156, 176. ಆಳದಲ್ಲಿ ಕುಸಿತದ ಮೂರರಿಂದ ಐದು ಅಂಶಗಳ ವ್ಯತ್ಯಾಸ ಚೇತರಿಕೆಯಲ್ಲಿ ಇಪ್ಪತ್ತು ಮೂವತ್ತು ಅಂಶಗಳಾಗುತ್ತದೆ. ಎರಡು ಫಂಡುಗಳ ಗರಿಷ್ಠ ಕುಸಿತವನ್ನು ಹೋಲಿಸುವಾಗ ಎರಡನ್ನೂ ಒಂದೇ ಅವಧಿಗೆ, ಒಂದೇ ಬಗೆಯ ಬೆಲೆಗಳಿಂದ ಲೆಕ್ಕ ಹಾಕಿದ್ದಾರೆಯೇ ಎಂದು ನೋಡಬೇಕಾದದ್ದು ಇದಕ್ಕಾಗಿ. ಒಂದು ಫಂಡು 2007ಕ್ಕೂ ಮೊದಲಿನದು, ಇನ್ನೊಂದು 2010ರಲ್ಲಿ ಹುಟ್ಟಿದ್ದು ಎಂದಾದರೆ ಎರಡನೆಯದರ ಗರಿಷ್ಠ ಕುಸಿತ ಚಿಕ್ಕದಾಗಿ ಕಂಡರೆ ಅದು ಸುರಕ್ಷಿತ ಎಂದಲ್ಲ. 2008ರ ಕುಸಿತವನ್ನು ಅದು ನೋಡಿಯೇ ಇಲ್ಲ.

ಒಂದು ಸಂಖ್ಯೆ ಹೇಳದೆ ಉಳಿಸಿದ್ದು

ಗರಿಷ್ಠ ಕುಸಿತ ಆಳವನ್ನು ಹೇಳುತ್ತದೆ, ಎಷ್ಟು ಕಾಲ ಕೆಳಗಿದ್ದೆವು ಎಂಬುದನ್ನು ಹೇಳುವುದಿಲ್ಲ. 2008ರ ಜನವರಿ 8ರಂದು ಸೆನ್ಸೆಕ್ಸಿನ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿ ಇದ್ದ ಮನೆಯೊಂದನ್ನು ಊಹಿಸಿಕೊಳ್ಳಿ. ಹದಿನಾಲ್ಕು ತಿಂಗಳಲ್ಲಿ ಅದು 3,91,000ದಷ್ಟಾಯಿತು. ಅಲ್ಲಿಂದ ಏರುತ್ತಾ 2010ರ ನವೆಂಬರ್ 4ರಂದು ಸೆನ್ಸೆಕ್ಸ್ 20,893.57ರಲ್ಲಿ ಮುಕ್ತಾಯವಾದಾಗ ಹಳೆಯ ಎತ್ತರ ದಾಟಿತು. ಇಳಿಯಲು ಹದಿನಾಲ್ಕು ತಿಂಗಳು, ಏರಲು ಇಪ್ಪತ್ತು ತಿಂಗಳು. ಮರುದಿನ ದೀಪಾವಳಿಯ ಮುಹೂರ್ತ ವಹಿವಾಟಿನಲ್ಲಿ ಅದು 21,004.96 ಮುಟ್ಟಿತು.

ಆದರೆ ಅಲ್ಲಿಂದ ಮತ್ತೆ ಇಳಿಯಿತು. 2011ರ ಡಿಸೆಂಬರ್ 20ರಂದು 15,175.08. ಇದು ಶೇ. 27.8ರ ಕುಸಿತ, ಬೇಕಾದ ಏರಿಕೆ ಶೇ. 38.4. ಹಿಂದಿನ ಶೇ. 61ಕ್ಕಿಂತ ಇದು ಚಿಕ್ಕದು, ಹಾಗಾಗಿ ಗರಿಷ್ಠ ಕುಸಿತದ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ. ಮನೆಯವರ ಪಾಲಿಗೆ ಅದು ಇಲ್ಲದೆ ಹೋಗಲಿಲ್ಲ. 2013ರ ಅಕ್ಟೋಬರ್ 30ರಂದು ಸೆನ್ಸೆಕ್ಸ್ 21,033.97ರಲ್ಲಿ ಹೊಸ ದಾಖಲೆ ಬರೆದಾಗ 2008ರ ಜನವರಿಯ ಹತ್ತು ಲಕ್ಷ ಹತ್ತು ಲಕ್ಷದ ಏಳೂಮುಕ್ಕಾಲು ಸಾವಿರವಾಗಿತ್ತು. ಆರು ವರ್ಷಕ್ಕೆ ಎರಡು ತಿಂಗಳು ಕಡಿಮೆ ಇದ್ದ ಆ ಅವಧಿಯಲ್ಲಿ ಬೆಲೆಯಿಂದ ಬಂದದ್ದು ಶೇ. 1ಕ್ಕಿಂತ ಕಡಿಮೆ. ಕಂಪನಿಗಳು ಕೊಡುವ ಡಿವಿಡೆಂಡ್ ಈ ಸೂಚ್ಯಂಕದಲ್ಲಿ ಸೇರಿಲ್ಲ. ಅದನ್ನು ಸೇರಿಸಿದರೆ ಚಿತ್ರ ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಬದಲಾಗುವುದಿಲ್ಲ.

ಇದರ ಜೊತೆಗೆ ಬೆಲೆಯೇರಿಕೆ. ನೌಕರರ ತುಟ್ಟಿಭತ್ಯೆಗೆ ಆಧಾರವಾಗಿದ್ದ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ 2008ರ ಜನವರಿಯಲ್ಲಿ 134 ಇತ್ತು, 2010ರ ನವೆಂಬರ್‌ನಲ್ಲಿ 182. ಮೊದಲು ಹತ್ತು ಲಕ್ಷಕ್ಕೆ ಬರುತ್ತಿದ್ದ ಸಾಮಾನಿಗೆ ಈಗ ಸುಮಾರು 13,58,000 ಬೇಕು. ಹಾಗಾಗಿ 2010ರ ದೀಪಾವಳಿಗೆ ಹತ್ತು ಲಕ್ಷ ವಾಪಸು ಬಂತು ಎಂದು ಸಂತೋಷಪಟ್ಟ ಮನೆಗೆ ಅಂಗಡಿಯಲ್ಲಿ ಅದು ಹಳೆಯ ಹತ್ತು ಲಕ್ಷ ಆಗಿರಲಿಲ್ಲ. ತಳದಲ್ಲಿದ್ದ 3,91,000 ಹಳೆಯ ಕೊಳ್ಳುವ ಶಕ್ತಿಯನ್ನು ಮುಟ್ಟಬೇಕಾದರೆ ಶೇ. 156 ಸಾಲದು, ಸುಮಾರು ಶೇ. 247 ಏರಬೇಕಿತ್ತು. ಸೂತ್ರ ಕೊಡುವ ಸಂಖ್ಯೆ ಕನಿಷ್ಠ ಸಂಖ್ಯೆ. ನಿಜ ಜೀವನದ ಸಂಖ್ಯೆ ಯಾವಾಗಲೂ ಅದಕ್ಕಿಂತ ಮೇಲೆ.

ತಳದಲ್ಲಿ ಹಣ ತೆಗೆದವರ ಲೆಕ್ಕ

ಇವತ್ತು ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕೆಂದಿರುವುದು ಈ ಭಾಗವನ್ನು. ಸೆನ್ಸೆಕ್ಸ್ ವಾಪಸು ಬಂತು ಎಂದಾಕ್ಷಣ ಅದರಲ್ಲಿದ್ದವರೆಲ್ಲ ವಾಪಸು ಬಂದರು ಎಂದಲ್ಲ. ಸೂಚ್ಯಂಕಕ್ಕೆ ಆಸ್ಪತ್ರೆ ಬಿಲ್ ಇಲ್ಲ, ಮಗಳ ಮದುವೆ ಇಲ್ಲ, ತಿಂಗಳ ರೇಷನ್ ಇಲ್ಲ. ಮನೆಗೆ ಇವೆಲ್ಲ ಇವೆ.

ಅದೇ ಹತ್ತು ಲಕ್ಷದ ಮನೆಗೆ 2009ರ ಮಾರ್ಚ್‌ನಲ್ಲಿ, ಹಣ 3,91,000 ಆಗಿರುವಾಗ, ಒಂದು ಶಸ್ತ್ರಚಿಕಿತ್ಸೆಗೆ ಒಂದು ಲಕ್ಷ ಬೇಕಾಯಿತು ಎಂದುಕೊಳ್ಳೋಣ. ಬೇರೆ ಎಲ್ಲೂ ಹಣವಿಲ್ಲ. ಇಲ್ಲಿಂದಲೇ ತೆಗೆದರು. ಉಳಿದದ್ದು 2,91,000. ಸೆನ್ಸೆಕ್ಸ್ ಹಳೆಯ ಎತ್ತರಕ್ಕೆ ಬರುವ ಹೊತ್ತಿಗೆ ಇದು ಎರಡೂವರೆ ಪಟ್ಟಿಗೆ ಸ್ವಲ್ಪ ಮೇಲೆ ಬೆಳೆದು 7,44,000 ಆಗುತ್ತದೆ. ಪತ್ರಿಕೆ ಓದಿದರೆ ಚೇತರಿಕೆ ಪೂರ್ಣ. ಮನೆಯಲ್ಲಿ 2,56,000 ಕಡಿಮೆ. ತೆಗೆದದ್ದು ಒಂದು ಲಕ್ಷ, ಕೊನೆಗೆ ಅದಕ್ಕೆ ತೆತ್ತ ಬೆಲೆ ಎರಡೂವರೆ ಲಕ್ಷ. ಆ ಒಂದು ಲಕ್ಷವೂ ಏರಿಕೆಯಲ್ಲಿ ಪಾಲು ಪಡೆಯಬೇಕಿತ್ತು, ಅದು ಅಲ್ಲಿರಲಿಲ್ಲ.

ಇನ್ನೊಬ್ಬರು ತಳದಲ್ಲಿ ಹೆದರಿ ಎಲ್ಲವನ್ನೂ ಮಾರಿ, ಉಳಿದ 3,91,000 ರೂಪಾಯಿಯನ್ನು ಶೇ. 7ರ ಠೇವಣಿಯಲ್ಲಿ ಇಟ್ಟರು ಎನ್ನಿ. ಠೇವಣಿ ಒಳ್ಳೆಯದೇ, ನೆಮ್ಮದಿ ಕೊಡುತ್ತದೆ. ಆದರೆ ಶೇ. 61 ಕಳೆದುಕೊಂಡ ಹಣ ಶೇ. 7ರಲ್ಲಿ ಮತ್ತೆ ಹತ್ತು ಲಕ್ಷ ಆಗಲು ಸುಮಾರು ಹದಿನಾಲ್ಕು ವರ್ಷ ಹಿಡಿಯುತ್ತದೆ. ಅಂದರೆ 2023. ಪೇಟೆ ಇಪ್ಪತ್ತು ತಿಂಗಳಲ್ಲಿ ಮಾಡಿದ್ದನ್ನು ಇವರ ಹಣ ಹದಿನಾಲ್ಕು ವರ್ಷದಲ್ಲಿ ಮಾಡಿತು. ಮಾರಿದ್ದು ತಪ್ಪು ಎಂದು ಇವತ್ತು ಹೇಳುವುದು ಸುಲಭ. 2009ರ ಮಾರ್ಚ್‌ನಲ್ಲಿ ಅದೇ ತಳ ಎಂದು ಯಾರಿಗೂ ಗೊತ್ತಿರಲಿಲ್ಲ. ಇನ್ನೂ ಇಳಿದಿದ್ದರೆ ಮಾರಿದವರೇ ಜಾಣರು ಎನ್ನಿಸಿಕೊಳ್ಳುತ್ತಿದ್ದರು. ಆದ್ದರಿಂದ ತೀರ್ಮಾನ ಮಾಡಬೇಕಾದದ್ದು ತಳದಲ್ಲಿ ಅಲ್ಲ, ಹಣ ಹಾಕುವ ದಿನ. ತಳದಲ್ಲಿ ಮಾರಲೇಬೇಕಾದ ಸ್ಥಿತಿ ನನಗೆ ಬರಬಹುದೇ ಎಂದು ಆ ದಿನವೇ ಕೇಳಿಕೊಳ್ಳಬೇಕು.

ಬರಬಹುದು ಎನ್ನುವವರಿಗೆ ಸೂತ್ರವೇ ದಾರಿ ತೋರಿಸುತ್ತದೆ. ಹತ್ತು ಲಕ್ಷದಲ್ಲಿ ಐದು ಲಕ್ಷ ಮಾತ್ರ ಷೇರಿನಲ್ಲಿ, ಐದು ಲಕ್ಷ ಠೇವಣಿಯಲ್ಲಿ ಇತ್ತು ಎನ್ನಿ. ಶೇ. 61ರ ಅದೇ ಕುಸಿತದಲ್ಲಿ ಷೇರಿನ ಐದು ಲಕ್ಷ 1,95,000 ಆಗುತ್ತದೆ. ಠೇವಣಿಯ ಬಡ್ಡಿಯನ್ನು ಬಿಟ್ಟು ಅಸಲನ್ನೇ ಹಿಡಿದರೂ ಒಟ್ಟು 6,95,000. ಕುಸಿತ ಶೇ. 30.5, ಬೇಕಾದ ಏರಿಕೆ ಶೇ. 44. ಕುಸಿತ ಅರ್ಧವಾಯಿತು, ಬೇಕಾದ ಏರಿಕೆ ಮಾತ್ರ 156ರಿಂದ 44ಕ್ಕೆ, ಅಂದರೆ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಇಳಿಯಿತು. ಆ ಶಸ್ತ್ರಚಿಕಿತ್ಸೆಯ ಒಂದು ಲಕ್ಷವನ್ನು ಠೇವಣಿಯಿಂದ ತೆಗೆದರೆ ತಳದಲ್ಲಿ ಒಂದು ಷೇರನ್ನೂ ಮಾರಬೇಕಿಲ್ಲ. ಇದಕ್ಕೆ ಬೆಲೆಯೂ ಇದೆ. ಪೇಟೆ ಏರುವ ವರ್ಷಗಳಲ್ಲಿ ಅರ್ಧ ಹಣ ಮಾತ್ರ ಏರುತ್ತದೆ, ನೆರೆಯವರ ಹಣ ನಿಮ್ಮದಕ್ಕಿಂತ ಬೇಗ ಬೆಳೆಯುತ್ತದೆ. ಆ ಬೆಲೆಯನ್ನು ತಿಳಿದೇ ತೆರಬೇಕು.

ಸಾಲ ಇದಕ್ಕೆ ಸರಿಯಾಗಿ ಎದುರು ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಸ್ವಂತದ ಐದು ಲಕ್ಷಕ್ಕೆ ಐದು ಲಕ್ಷ ಸಾಲ ಸೇರಿಸಿ ಹತ್ತು ಲಕ್ಷದ ಷೇರು ಕೊಂಡವರಿಗೆ ಶೇ. 40ರ ಇಳಿಕೆ ಬಂದರೆ ಷೇರಿನ ಬೆಲೆ ಆರು ಲಕ್ಷ. ಸಾಲ ಐದು ಲಕ್ಷ ಹಾಗೇ ಇರುತ್ತದೆ. ಸ್ವಂತದ್ದು ಉಳಿದದ್ದು ಒಂದು ಲಕ್ಷ, ಕುಸಿತ ಶೇ. 80. ಷೇರು ಶೇ. 67 ಏರಿದರೆ ಎಲ್ಲ ಸರಿಹೋಗುತ್ತದೆ ನಿಜ, ಆದರೆ ಅಲ್ಲಿಯವರೆಗೆ ಸಾಲ ಕೊಟ್ಟವರು ಕಾಯುವುದಿಲ್ಲ. ಅಡಮಾನದ ಬೆಲೆ ಇಳಿಯುತ್ತಿದ್ದಂತೆ ಇನ್ನಷ್ಟು ಹಣ ಕಟ್ಟಿ ಎನ್ನುತ್ತಾರೆ, ಕಟ್ಟದಿದ್ದರೆ ಬ್ರೋಕರ್ ಷೇರನ್ನು ಮಾರಿಬಿಡುತ್ತಾರೆ. ಆಮೇಲೆ ಕೈಯಲ್ಲಿರುವ ಒಂದು ಲಕ್ಷ ಐದು ಲಕ್ಷವಾಗಲು ಶೇ. 400 ಬೇಕು. ತಳದಲ್ಲಿ ಮಾರುವ ತೀರ್ಮಾನವನ್ನು ಇನ್ನೊಬ್ಬರ ಕೈಗೆ ಕೊಡುವುದೇ ಸಾಲದ ದೊಡ್ಡ ಅಪಾಯ.

ಸೂತ್ರಕ್ಕೆ ಉತ್ತರವಿಲ್ಲದ ಕಡೆ

ಕೊನೆಯದಾಗಿ ಎರಡು ಎಚ್ಚರಿಕೆಗಳು. ಸೆನ್ಸೆಕ್ಸ್ ಮೂವತ್ತು ಕಂಪನಿಗಳ ಗುಂಪು. ಸೋತ ಕಂಪನಿಯನ್ನು ತೆಗೆದು ಬೇರೆಯದನ್ನು ಸೇರಿಸುತ್ತಾರೆ. ಗುಂಪು ಚೇತರಿಸಿಕೊಳ್ಳುವುದಕ್ಕೆ ಅದೂ ಒಂದು ಕಾರಣ. ಒಂಟಿ ಷೇರಿಗೆ ಆ ಅನುಕೂಲವಿಲ್ಲ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್‌ನ ವಿಮಾನಗಳು 2012ರ ಅಕ್ಟೋಬರ್‌ನಲ್ಲಿ ನಿಂತವು, ಮತ್ತೆ ಹಾರಲಿಲ್ಲ. ಆ ಷೇರು ಹಿಡಿದು ಚೇತರಿಕೆಗೆ ಕಾದವರಿಗೆ ಎಷ್ಟು ಏರಬೇಕು ಎಂಬ ಲೆಕ್ಕ ಸೂತ್ರದಲ್ಲಿ ಬರುತ್ತಿತ್ತು, ಏರಲು ಕಂಪನಿ ಇರಲಿಲ್ಲ. ಬೇಕಾದ ಏರಿಕೆ ಎಷ್ಟು ಎಂದು ಸೂತ್ರ ಹೇಳುತ್ತದೆ. ಆ ಏರಿಕೆ ಬರುತ್ತದೆ ಎಂದು ಅದು ಎಲ್ಲೂ ಹೇಳುವುದಿಲ್ಲ.

ಎರಡನೆಯದು ಇನ್ನೂ ಮುಖ್ಯ. ಕುಸಿತವೇ ಕಾಣದ ಹೂಡಿಕೆಯನ್ನು ಕಂಡರೆ ಹೆಚ್ಚು ಎಚ್ಚರವಾಗಿರಬೇಕು. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಕುಸಿದಾಗ ಸಾವಿರಾರು ಕುಟುಂಬಗಳು ದೂರು ಕೊಟ್ಟವು. ಅಲ್ಲಿ ತಿಂಗಳು ತಿಂಗಳು ಲಾಭದ ಪಾಲು ಎಂದು ಹಣ ಬರುತ್ತಿತ್ತು. ಹೂಡಿಕೆಗೆ ಪೇಟೆಯಲ್ಲಿ ದಿನವೂ ಕಾಣುವ ಬೆಲೆ ಇರಲಿಲ್ಲ, ಆದ್ದರಿಂದ ಮೂರನೆಯ ಕಾಲಂನಲ್ಲಿ ಬರೆಯಲು ಏನೂ ಇರಲಿಲ್ಲ. ಕೊನೆಯ ದಿನದವರೆಗೆ ಕುಸಿತ ಸೊನ್ನೆ, ಆಮೇಲೆ ಎಲ್ಲವೂ ಒಮ್ಮೆಲೇ. ಶೇ. 100ರ ಕುಸಿತವನ್ನು ಸೂತ್ರಕ್ಕೆ ಹಾಕಿ ನೋಡಿ. ಒಂದರಲ್ಲಿ ಒಂದು ಕಳೆದರೆ ಸೊನ್ನೆ, ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಉಳಿದ ಹಣವೇ ಇಲ್ಲದಿದ್ದಾಗ ದುಡಿಯುವುದಕ್ಕೆ ಏನೂ ಇಲ್ಲ. ವ್ಯಾಪಾರ ಎಂದಮೇಲೆ ಒಂದು ತಿಂಗಳು ಹೆಚ್ಚು, ಒಂದು ತಿಂಗಳು ಕಡಿಮೆ, ಒಮ್ಮೊಮ್ಮೆ ನಷ್ಟ ಇದ್ದೇ ಇರುತ್ತದೆ. ನಷ್ಟದ ತಿಂಗಳೇ ಇಲ್ಲದ ಲೆಕ್ಕಪುಸ್ತಕ ತೋರಿಸುವವರನ್ನು ಹಣ ಎಲ್ಲಿ ದುಡಿಯುತ್ತಿದೆ, ಅದರ ಬೆಲೆಯನ್ನು ಹೊರಗಿನ ಯಾರು ಪರಿಶೀಲಿಸುತ್ತಾರೆ ಎಂದು ಕೇಳಿ.

ಆದ್ದರಿಂದ ಯಾವ ಹೂಡಿಕೆಯನ್ನೇ ಆಗಲಿ ನಿಮ್ಮ ಮುಂದಿಟ್ಟರೆ ಸರಾಸರಿ ಲಾಭ ಕೇಳುವುದಕ್ಕೆ ಮೊದಲು ಮೂರು ಪ್ರಶ್ನೆ ಕೇಳಿ. 2008 ಸೇರಿದಂತೆ ಇದರ ಗರಿಷ್ಠ ಕುಸಿತ ಎಷ್ಟು? ಆ ಕುಸಿತದಿಂದ ಹಳೆಯ ಎತ್ತರಕ್ಕೆ ಬರಲು ಎಷ್ಟು ತಿಂಗಳು ಹಿಡಿಯಿತು? ಅಷ್ಟು ತಿಂಗಳು ಈ ಹಣವನ್ನು ಮುಟ್ಟದೆ ನಮ್ಮ ಮನೆ ನಡೆಯುತ್ತದೆಯೇ? ಮೊದಲ ಎರಡಕ್ಕೆ ಮಾರುವವರು ಉತ್ತರ ಕೊಡಬೇಕು. ಮೂರನೆಯದಕ್ಕೆ ಉತ್ತರ ನಿಮ್ಮ ಮನೆಯಲ್ಲೇ ಇದೆ. ಗಂಡ ಹೆಂಡತಿ ಕೂತು, ಬೆಳೆದ ಮಕ್ಕಳನ್ನೂ ಸೇರಿಸಿಕೊಂಡು, ಪೆನ್ನು ಕಾಗದ ಹಿಡಿದು ಲೆಕ್ಕ ಹಾಕಿ. ಇಲ್ಲ ಎಂಬ ಉತ್ತರ ಬಂದಷ್ಟು ಹಣವನ್ನು ಷೇರಿನಿಂದ ಹೊರಗಿಡಿ. ಅರ್ಧ ಕಳೆದ ಮೇಲೆ ದುಪ್ಪಟ್ಟಿಗಾಗಿ ಕಾಯುವ ಶಕ್ತಿ ಇರುವ ಹಣ ಮಾತ್ರ ಅಲ್ಲಿಗೆ ಹೋಗಲಿ.